ಸೂತಕದ ಭಟ್ಟರಿಗೆ ಫಿಟ್‌ನೆಸ್ ಸರ್ಟಿಫಿಕೇಟು

ಶಿರಸಿಯಲ್ಲಿ ನನ್ನದೊಂದು ಸಣ್ಣ ಹೋಟೆಲಿದೆ. ಒಳಗೆ ಕೂತವರು ಎದ್ದರೆ ಮಾತ್ರ ಹೊರಗೆ ನಿಂತವರು ಕೂರಬಹುದು, ಅಷ್ಟು ಸಣ್ಣದು. ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ಸಂಜೆ ಬನ್ಸು. ಇಷ್ಟಕ್ಕೆ ನಾವು ಮೂರು ಜನ. ಅಡುಗೆಗೆ ಭಟ್ಟರು, ತರಕಾರಿ ಹೆಚ್ಚಲು, ಪಾತ್ರೆ ತೊಳೆಯಲು ದಾಸನಕೊಪ್ಪದಿಂದ ಬಸ್ಸಿಗೆ ಬರುವ ಅಕ್ಕ, ಚಿಂತೆ ಮಾಡಲು ನಾನು.

ಚಿಂತೆಯ ಕೆಲಸವನ್ನು ಯಾರೂ ಒಪ್ಪಿಸಿದ್ದಲ್ಲ. ಅದು ನನಗೆ ಹುಟ್ಟಿನಿಂದಲೇ ಬಂದಿದ್ದು, ವಯಸ್ಸು ಐವತ್ತರ ಹತ್ತಿರ ಬಂದ ಮೇಲೆ ಇನ್ನಷ್ಟು ಪಳಗಿದೆ. ಗ್ಯಾಸ್ ಬಂದ್ ಮಾಡಿದೆನಾ ಎಂದು ನೋಡಲು ಅರ್ಧ ದಾರಿಯಿಂದ ವಾಪಸು ಬರುತ್ತೇನೆ. ಬಂದ್ ಆಗಿದ್ದನ್ನು ನೋಡಿ, ಈಗ ಮುಟ್ಟಿದ್ದಕ್ಕೆ ಮತ್ತೆ ತೆರೆದುಕೊಂಡಿತೇನೋ ಎಂದು ಇನ್ನೊಮ್ಮೆ ನೋಡುತ್ತೇನೆ.

ಹೋಟೆಲ್ ಸುರು ಮಾಡಿದಾಗ ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದ್ದೆ. ಅದನ್ನು ಆಗ ಒಂದು ವರ್ಷಕ್ಕೂ ಮಾಡಿಸಬಹುದಿತ್ತು, ಒಟ್ಟಿಗೆ ಐದು ವರ್ಷಕ್ಕೂ ಮಾಡಿಸಬಹುದಿತ್ತು. ವರ್ಷ ವರ್ಷ ನವೀಕರಣ ಎಂದರೆ ವರ್ಷ ವರ್ಷ ನಿದ್ದೆಗೇಡು ಎಂದು ಲೆಕ್ಕ ಹಾಕಿ ಐದಕ್ಕೇ ಮಾಡಿಸಿದೆ. ಹೋಟೆಲಿನ ಜೊತೆ ಕೇಟರಿಂಗ್ ಅನ್ನೂ ಸೇರಿಸಿದೆ. ಫ್ರೇಮ್ ಹಾಕಿಸಿ, ಉದ್ದನೆಯ ನೋಂದಣಿ ಸಂಖ್ಯೆ ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ತೂಗುಹಾಕಿದೆ. ಆಮೇಲೆ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ಅವಧಿ ಮುಗಿಯುವ ತಾರೀಕು ಓದುವುದು ಅಭ್ಯಾಸವಾಯಿತು. ತಾರೀಕೇನೂ ರಾತ್ರೋರಾತ್ರಿ ಬದಲಾಗುವುದಿಲ್ಲ. ಆದರೂ ಓದುತ್ತಿದ್ದೆ. ಗಿರಾಕಿಗಳು ನಾನು ದೇವರಿಗೆ ಕೈ ಮುಗಿಯುತ್ತಿದ್ದೇನೆ ಎಂದುಕೊಂಡು ಚಪ್ಪಲಿ ಬಿಟ್ಟು ನಿಂತದ್ದೂ ಉಂಟು.

ಆ ವರ್ಷ ವ್ಯಾಪಾರ ಸೊರಗಿತ್ತು. ಎದುರಿಗೆ ರಸ್ತೆ ಅಗೆದು ಹಾಗೇ ಬಿಟ್ಟಿದ್ದರಿಂದ ಹೊಂಡ ದಾಟಿ ದೋಸೆ ತಿನ್ನಲು ಬರುವಷ್ಟು ಪ್ರೀತಿ ಯಾರಿಗೂ ಉಳಿದಿರಲಿಲ್ಲ. ಮೂರು ಜನರ ಕೆಲಸ ಒಂದೂವರೆ ಜನರದ್ದಾಗಿತ್ತು. ಅಕ್ಕನನ್ನು ಬಿಡಿಸಬೇಕಾಗುತ್ತದೆ ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅಕ್ಕನಿಗೂ ಗೊತ್ತಿತ್ತು. ಅವಳು ಒಂದೇ ಪಾತ್ರೆಯನ್ನು ಎರಡೆರಡು ಸಲ ತೊಳೆಯುತ್ತಿದ್ದಳು, ನಾನು ನೋಡದವಳ ಹಾಗೆ ಇರುತ್ತಿದ್ದೆ.

ಅಷ್ಟರಲ್ಲಿ ಭೈರುಂಬೆ ಕಡೆಯ ಒಂದು ತರಬೇತಿ ಕೇಂದ್ರದಿಂದ ಫೋನು ಬಂತು. ಜೇನು ಸಾಕಣೆಯ ಶಿಬಿರವಂತೆ, ಒಂದು ತಿಂಗಳು, ದಿನಾ ಮಧ್ಯಾಹ್ನದ ಊಟ ಕಳಿಸಬೇಕಂತೆ. ಅಲ್ಲಿನ ವ್ಯವಸ್ಥಾಪಕಿ ಮೇಡಂ ಮಾತು ಕಡಿಮೆಯವರು. "ಊಟ ನಮ್ಮವರು ತಿಂದು ನೋಡಿದಾರೆ, ಅಡ್ಡಿಲ್ಲ. ಸೋಮವಾರದೊಳಗೆ ಪೇಪರ್ಸ್ ಕೊಡಿ. ನೋಂದಣಿ, ಟ್ರೈನಿಂಗ್ ಆದ ಮೇಲ್ವಿಚಾರಕರ ಸರ್ಟಿಫಿಕೇಟು, ಅಡುಗೆ ಮುಟ್ಟೋ ಎಲ್ಲರದ್ದೂ ಮೆಡಿಕಲ್ಲು."

"ಎಲ್ಲಾ ಇದೆ ಮೇಡಂ," ಎಂದೆ ಹೆಮ್ಮೆಯಿಂದ.

ಇತ್ತು. ಭಟ್ಟರನ್ನು ಒಂದು ದಿನದ ಆಹಾರ ಸುರಕ್ಷತಾ ತರಬೇತಿಗೆ ಕಳಿಸಿದ್ದೆ, ಅದರ ಸರ್ಟಿಫಿಕೇಟು ಇತ್ತು. ಅಲ್ಲಿ ಹೇಳಿದರೆಂದು ಭಟ್ಟರಿಗೂ ಅಕ್ಕನಿಗೂ ಮೆಡಿಕಲ್ ಮಾಡಿಸಿ, ಟೈಫಾಯ್ಡ್ ಲಸಿಕೆಯನ್ನೂ ಹಾಕಿಸಿದ್ದೆ. ಫೈಲು ತೆಗೆದು ನೋಡಿದರೆ ಮೆಡಿಕಲ್ ಸರ್ಟಿಫಿಕೇಟಿಗೆ ವರ್ಷ ತುಂಬಿ ತಿಂಗಳುಗಳೇ ಕಳೆದಿದ್ದವು. ಅದನ್ನು ವರ್ಷಕ್ಕೊಮ್ಮೆ ಮಾಡಿಸಬೇಕು. ತರಬೇತಿಯದ್ದು ಎರಡು ವರ್ಷಕ್ಕೆ. ನೋಂದಣಿಯದ್ದು ಮಾತ್ರ ಐದು. ನಾನೋ, ಗೋಡೆಯ ಮೇಲಿನ ಐದನ್ನು ದಿನಾ ಓದಿ ಓದಿ ಮನೆಯಲ್ಲಿರುವ ಕಾಗದಕ್ಕೆಲ್ಲ ಐದೇ ಎಂದುಕೊಂಡಿದ್ದೆ. ಇಷ್ಟು ವರ್ಷ ಕಷ್ಟಪಟ್ಟು ಚಿಂತೆ ಮಾಡಿದ್ದು ತಪ್ಪು ಕಾಗದಕ್ಕಾಗಿತ್ತು.

ಅಕ್ಕನ ಮೆಡಿಕಲ್ ಆ ದಿನವೇ ಮುಗಿಯಿತು. ಇಲ್ಲೇ ಪೇಟೆಯ ಡಾಕ್ಟರು ಕಣ್ಣು, ಚರ್ಮ, ಹೊಟ್ಟೆ ನೋಡಿ, ಲಸಿಕೆಯ ಚೀಟಿ ನೋಡಿ ಸಹಿ ಹಾಕಿಕೊಟ್ಟರು. ಅಕ್ಕ ಹೊರಗೆ ಬಂದು, "ಡಾಕ್ಟರಿಗೆ ನಾ ಚಂದ ಕಂಡೇನ್ರಿ ಅಮ್ಮಾ, ಏನೂ ತಪ್ಪು ಸಿಗ್ಲಿಲ್ಲ ನೋಡ್ರಿ," ಎಂದಳು.

ಉಳಿದದ್ದು ಭಟ್ಟರು. ಅವರು ಊರಲ್ಲಿರಲಿಲ್ಲ.

ಸಿದ್ದಾಪುರದ ಹತ್ತಿರದ ಹಳ್ಳಿಯಲ್ಲಿ ಅವರ ದಾಯಾದಿ ದೊಡ್ಡಪ್ಪ ತೀರಿಕೊಂಡಿದ್ದರು. ಹತ್ತು ದಿನ ಸೂತಕ. ಸೂತಕದಲ್ಲಿ ಭಟ್ಟರು ಬೇರೆಯವರಿಗೆ ಅಡುಗೆ ಮಾಡುವುದು ಹಾಗಿರಲಿ, ಬೇರೆಯವರ ಒಲೆಯ ಕಡೆ ಮುಖ ಕೂಡ ಹಾಕುವವರಲ್ಲ. ಹಾಗಾಗಿ ಆ ವಾರ ಹೋಟೆಲಿನಲ್ಲಿ ಸಾರು ನನ್ನದೇ, ಚಟ್ನಿ ನನ್ನದೇ, ಗಿರಾಕಿಗಳ ಮೌನವೂ ನನ್ನದೇ. ಸೂತಕ ಕಳೆಯುವುದು ಸೋಮವಾರ ದಾಟಿದ ಮೇಲೆ. ಡಾಕ್ಟರಲ್ಲಿಗೆ ಹೋಗಿ ಬರುವುದಕ್ಕೇನು ಸೂತಕ ಅಡ್ಡ ಬರುತ್ತದೆ ಎಂದುಕೊಂಡು ಶನಿವಾರ ಬೆಳಿಗ್ಗೆ ಸಿದ್ದಾಪುರದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಡಾಕ್ಟರಿಗೆ ರಜೆ ಇದ್ದರೆ, ಭಟ್ಟರಿಗೆ ಜ್ವರ ಬಂದಿದ್ದರೆ, ಬಸ್ಸಿನ ಗಾಲಿ ಕಳಚಿದರೆ ಎಂದು ಒಂದಾದ ಮೇಲೊಂದು ಯೋಚಿಸಿದೆ. ಆಗಬಹುದಾದ ಎಲ್ಲವನ್ನೂ ಯೋಚಿಸಿದ್ದೆ. ಆದದ್ದನ್ನೊಂದು ಬಿಟ್ಟು.

ಭಟ್ಟರು ಮುಖ ಬೋಳಿಸದೆ, ಜಗುಲಿಯ ತುದಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ ದೂರದಿಂದಲೇ ಕೈ ಎತ್ತಿದರು. "ಮುಟ್ಟಡ ತಂಗೀ. ಅಲ್ಲೇ ಕೂತ್ಗ. ಎಂತ ಬಂದೆ?"

ನಾನು ವಿಷಯ ಹೇಳಿ ಡಾಕ್ಟರು ಸಹಿ ಹಾಕಬೇಕಾದ ನಮೂನೆ ತೆಗೆದು ಓದಿದೆ. ಇಂಥವರನ್ನು ಇಂಥ ದಿನ ಪರೀಕ್ಷೆ ಮಾಡಿದೆ, ಅಂಟುರೋಗ ಯಾವುದೂ ಇಲ್ಲ, ಇಂಥ ಹೋಟೆಲಿನಲ್ಲಿ ಕೆಲಸ ಮಾಡಲು ಯೋಗ್ಯರು, ಎಂದು ಅದರಲ್ಲಿತ್ತು.

ಭಟ್ಟರು ಕೂತಲ್ಲಿಂದಲೇ ಕಾಗದದ ಕಡೆ ಕತ್ತು ಚಾಚಿದರು.

"ಕಡೇ ಸಾಲು ಇನ್ನೊಂದ್ಸಲ ಓದು."

"ಕೆಲಸ ಮಾಡಲು ಯೋಗ್ಯರು."

"ಯಾವ ದಿನದ್ದು?"

"ಇವತ್ತಿಂದು."

"ಇವತ್ತು ಆನು ಅಡುಗೆಗೆ ಯೋಗ್ಯ ಅಲ್ಲಲೆ! ಇಡೀ ಸಿದ್ದಾಪುರ ತಾಲೂಕಿಗೆ ಗೊತ್ತಿದ್ದು. ಸರ್ಕಾರಿ ಕಾಗದದ ಮೇಲೆ ಸುಳ್ಳು ಬರೆಸವು ಹೇಳ್ತ್ಯಾ?"

"ಭಟ್ರೇ, ಅದು ರೋಗದ ವಿಷ್ಯ. ಸೂತಕದ್ದಲ್ಲ."

"ಟ್ರೈನಿಂಗಿನಲ್ಲಿ ಎಂತ ಹೇಳಿದ್ದ ಗೊತ್ತಿದ್ದಾ? ಯೋಗ್ಯ ಇಲ್ಲದವ ಅಡುಗೆಮನೆ ಹೊಸ್ತಿಲು ದಾಟಲಾಗ, ಗುಣ ಆದಮೇಲೇ ಒಳಗೆ ಬರವು. ಆನು ಎದ್ದು ನಿಂತು ಹೇಳಿದ್ದಿ, ಇದು ನಮ್ಮಲ್ಲಿ ಮೊದಲಿಂದಲೂ ಇದ್ದು, ಸೂತಕ ಹೇಳ್ತ ಅಂತ. ಮಾಸ್ತರು ಚಪ್ಪಾಳೆ ತಟ್ಟಿದ್ದ."

ಆ ಮಾಸ್ತರರನ್ನು ನಾನು ಮನಸ್ಸಿನಲ್ಲೇ ಬೈದೆ. ಮೊದಲ ಬೆಂಚಿನಲ್ಲಿ ಕೂತು ಎಲ್ಲವನ್ನೂ ನಂಬಿ ಬಂದ ವಿದ್ಯಾರ್ಥಿ ನಮ್ಮ ಭಟ್ಟರು. ಅಡುಗೆಗೆ ಟೊಪ್ಪಿ ಹಾಕಬೇಕು ಎಂದಿದ್ದಕ್ಕೆ ಅಂದಿನಿಂದ ಟೊಪ್ಪಿ ಹಾಕಿದರು. ತಲೆಯಲ್ಲಿ ಕೂದಲಿಲ್ಲ ಎಂದು ನಾನು ನೆನಪಿಸಿದರೆ, "ನಿಯಮದಲ್ಲಿ ತಲೆ ಹೇಳಿ ಇದ್ದು, ಕೂದಲು ಹೇಳಿ ಇಲ್ಲೆ," ಎಂದಿದ್ದರು.

ಅಂತೂ ಇಂತೂ "ಡಾಕ್ಟರ ಬಾಯಲ್ಲೇ ಕೇಳನ" ಎಂಬಲ್ಲಿಗೆ ಒಪ್ಪಿಸಿ ಪೇಟೆಗೆ ಕರೆತಂದೆ. ಆಟೋದಲ್ಲಿ ಅವರು ಮುಂದೆ ಡ್ರೈವರನ ಪಕ್ಕ, ನಾನು ಹಿಂದೆ. ಡಾಕ್ಟರು ವಯಸ್ಸಾದ ಹೆಂಗಸು, ಆ ಸೀಮೆಯಲ್ಲಿ ಅವರ ಮಾತ್ರೆ ನುಂಗದವರಿಲ್ಲ. ಭಟ್ಟರ ತಕರಾರನ್ನು ಪೂರ್ತಿ ಕೇಳಿಸಿಕೊಂಡರು.

"ನೋಡಿ ಭಟ್ರೇ, ನನ್ನ ಸ್ಟೆತಸ್ಕೋಪಿಗೆ ಸೂತಕ ಕೇಳೋದಿಲ್ಲ. ಕೆಮ್ಮು ಕೇಳ್ತದೆ."

"ಹಂಗಾರೆ ತಾರೀಕು ಮುಂದಿನ ವಾರದ್ದು ಹಾಕಿ."

"ಹಾಕೋದಿಲ್ಲ. ನೋಡಿದ ದಿನಾನೇ ಹಾಕೋದು. ಈಗ ನೀವು ಸುಳ್ಳು ಬರೆಸೋಕೆ ಬಂದ್ರೋ, ಇವರೋ?"

ಭಟ್ಟರು ಸ್ವಲ್ಪ ಕೆಂಪಾದರು. ಆಮೇಲೆ ಪುರೋಹಿತರಿಗೆ ಫೋನು ಹಚ್ಚಿ, ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ಹೊರಗೆ ಕೂತ ರೋಗಿಗಳೂ ಮಾತು ನಿಲ್ಲಿಸಿದರು. ಪುರೋಹಿತರು ಎಲ್ಲಿಯೋ ಮದುವೆ ಮಾಡಿಸುತ್ತಿದ್ದರು, ಹಿಂದೆ ವಾಲಗ ಕೇಳುತ್ತಿತ್ತು. ಪ್ರಶ್ನೆ ಕೇಳಿ ಅವರು ತಡವರಿಸಲಿಲ್ಲ. ಇಂಥ ಪ್ರಶ್ನೆಗೇ ಕಾದು ಕೂತವರ ಹಾಗಿತ್ತು ಅವರ ಧ್ವನಿ.

"ಪರೀಕ್ಷೆ ಮಾಡಿಸ್ಕಂಬಲೆ ದೋಷ ಇಲ್ಲೆ. ದೇಹ ತೋರಿಸದು ಅಷ್ಟೇಯ. ಆದರೆ ಯೋಗ್ಯ ಹೇಳ್ತ ಕಾಗದ ಶುದ್ಧ ಆಪಲ್ಲಿವರೆಗೆ ನೀ ಕೈಯಲ್ಲಿ ತಗಳಡ. ಬೇರೆಯವ್ವು ಇಟ್ಗಳಲಿ."

"ಅಷ್ಟೇ ಸೈ!" ಎಂದು ಭಟ್ಟರು ಅಂಗಿಯ ಗುಂಡಿ ಬಿಚ್ಚಿದರು.

ಡಾಕ್ಟರು ಕಣ್ಣು ನೋಡಿದರು, ಉಗುರು ನೋಡಿದರು, ಬೆನ್ನು ತಟ್ಟಿದರು, ಲಸಿಕೆಯ ಚೀಟಿ ಚಾಲ್ತಿಯಲ್ಲಿದೆಯೇ ನೋಡಿದರು, ಮೂರು ತಿಂಗಳಲ್ಲಿ ಭೇದಿ, ಜ್ವರ ಏನಾದರೂ ಆಗಿತ್ತೇ ಎಂದು ಕೇಳಿದರು. ಸಹಿ ಹಾಕಿ, ಮುದ್ರೆ ಒತ್ತಿ ಕಾಗದವನ್ನು ಭಟ್ಟರತ್ತ ಚಾಚಿದರು. ಭಟ್ಟರು ಎರಡೂ ಕೈ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಸರಿದರು. "ಯಂಗೆ ಅಲ್ಲ. ತಂಗಿಗೆ ಕೊಡಿ."

ನಾನು ಕೈ ಚಾಚಿದೆ. ಡಾಕ್ಟರು ಕಾಗದ ಕೊಡಲಿಲ್ಲ. ನನ್ನ ಬೆರಳು ಹಿಡಿದುಕೊಂಡರು.

"ಇದೇನಿದು?"

ಬಲಗೈ ತೋರುಬೆರಳು ಉಗುರಿನ ಬುಡದಲ್ಲಿ ಊದಿ, ತುದಿಯಲ್ಲಿ ಹಳದಿಯಾಗಿತ್ತು. ವಾರವಿಡೀ ನೀರಲ್ಲೇ ಕೈಯಿಟ್ಟದ್ದಕ್ಕೆ ಎದ್ದ ಉಗುರುಸುತ್ತು. ನೋಯುತ್ತಿತ್ತು ನಿಜ. ಆದರೆ ಬಸ್ಸಿನ ಗಾಲಿಯ ಚಿಂತೆಯ ನಡುವೆ ಬೆರಳಿನ ಸರದಿ ಬಂದಿರಲಿಲ್ಲ.

"ಸ್ವಲ್ಪ ಉಗುರುಸುತ್ತು ಡಾಕ್ಟ್ರೇ. ನಿಂಬೆಹಣ್ಣು ಸಿಕ್ಕಿಸಿಕೊಂಡ್ರೆ ಹೋಗ್ತದೆ."

"ಕೀವಾಗಿದೆ. ನಿಮ್ಮ ಮೆಡಿಕಲ್ ಎಲ್ಲಿ?"

"ನನ್ನದ್ಯಾಕೆ? ನಾನು ಗಲ್ಲೆ ಮೇಲೆ ಕೂರೋದು. ಅಡುಗೆ ಮುಟ್ಟೋದಿಲ್ಲ."

ಆ ಕ್ಷಣದಲ್ಲಿ ಭಟ್ಟರು ಬಾಗಿಲಿನತ್ತ ಹೊರಟಿದ್ದವರು ತಿರುಗಿ ನಿಂತರು. ಸುಳ್ಳು ಬರೆಸುವುದು ಅವರಿಂದಾಗದ ಕೆಲಸ ಎಂದು ಆಗಲೇ ಕಂಡಿತಲ್ಲ, ಬೇರೆಯವರು ಹೇಳಿದ್ದನ್ನು ಸಹಿಸುವುದೂ ಆಗುವುದಿಲ್ಲ.

"ಸುಳ್ಳು ಡಾಕ್ಟ್ರೇ," ಎಂದು ನನ್ನತ್ತ ಕೈ ತೋರಿಸಿದರು. "ಚಟ್ನಿ ಬಡಿಸದು ಅದೇಯ. ದೋಸೆ ಮಗಚದು ಅದೇಯ. ಈ ವಾರ ಸಾರೂ ಅದರದ್ದೇ, ಜನ ಫೋನು ಮಾಡಿ ಯನ್ನತ್ರ ಅತ್ತಿದ್ದ."

"ಹಾಗಾದ್ರೆ ನೀವೂ ಆಹಾರ ಮುಟ್ಟುವವರೇ," ಎಂದರು ಡಾಕ್ಟರು. "ಮಾಲೀಕರಿಗೆ ಬೇರೆ ಚರ್ಮ ಇರೋದಿಲ್ಲ. ಇದು ವಾಸಿಯಾಗೋವರೆಗೆ ಅಡುಗೆಮನೆಗೆ ಕಾಲಿಡಬೇಡಿ. ಈ ಕೀವಿನಲ್ಲಿರೋದು ಚಟ್ನಿಗೆ ಬಿದ್ದರೆ ತಿಂದವರಿಗೆ ಎರಡೂ ಕಡೆಯಿಂದ ಹೋಗ್ತದೆ. ನಿಮಗೆ ಈಗ ಸರ್ಟಿಫಿಕೇಟು ಇಲ್ಲ. ಔಷಧಿ ಇದೆ."

ಭಟ್ಟರ ಮುಖದಲ್ಲಿ ಸೂತಕದ ದಿನಗಳಲ್ಲಿ ಇರಬಾರದಷ್ಟು ಬೆಳಕಿತ್ತು. "ತಂಗೀ, ಯನ್ನ ಸೂತಕ ಬಪ್ಪ ಬುಧವಾರ ಕಳೀತು. ನಿನ್ನದು ಎಂದಿಗೇನ?"

ಶಿರಸಿಗೆ ಮರಳುವ ಬಸ್ಸಿನಲ್ಲಿ ಮೊದಲ ಬಾರಿಗೆ ಕಾರಣವಿರುವ ಚಿಂತೆ ಮಾಡಿದೆ. ಅದು ಬೇರೆಯದೇ ರುಚಿ. ಇಷ್ಟು ದಿನ ನನ್ನ ಚಟ್ನಿ ತಿಂದವರ ಮುಖಗಳು ಒಂದೊಂದಾಗಿ ನೆನಪಾದವು. ದಿನಾ ತಿಂಡಿಗೆ ಬರುವ ಬ್ಯಾಂಕಿನವರು ನಿನ್ನೆ ಬಂದಿರಲಿಲ್ಲವಲ್ಲ, ಯಾಕೆ? ಬಸ್ಸಿಳಿದವಳೇ ಅವರ ಬ್ಯಾಂಕಿನ ತನಕ ನಡೆದುಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತು, ಇವತ್ತು ಎರಡನೇ ಶನಿವಾರ, ರಜೆ ಎಂದು ಸಮಾಧಾನ ಮಾಡಿಕೊಂಡು ವಾಪಸು ಬಂದೆ. ಯಾರಿಗೂ ಏನೂ ಆಗಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಚಟ್ನಿಯನ್ನು ಹೆಚ್ಚಿನವರು ಹಾಗೇ ಬಿಟ್ಟೆದ್ದಿದ್ದರಂತೆ.

ಅಂದಿನಿಂದ ದೋಸೆ, ಊಟ ಬಂದ್. ಅಕ್ಕ ಒಬ್ಬಳೇ ಚಹಾ, ಅವಲಕ್ಕಿ ಮಾಡಿ ಕೊಟ್ಟಳು. ನಾನು ಬೆರಳಿಗೆ ಪಟ್ಟಿ ಕಟ್ಟಿಕೊಂಡು ಅಡುಗೆಮನೆಯ ಹೊರಗೆ ನಿಂತು ಸಲಹೆ ಕೊಡುತ್ತಿದ್ದೆ. "ಅಮ್ಮಾರ, ನೀವು ಒಳಗ ಇದ್ದಾಗ ಇಷ್ಟು ಕಾಟ ಇರಲಿಲ್ಲ ನೋಡ್ರಿ," ಎಂದಳು ಅಕ್ಕ.

ಸೋಮವಾರ ಭೈರುಂಬೆಗೆ ಹೋದೆ. ಮೇಡಂ ಕಾಗದಗಳನ್ನು ಒಂದೊಂದಾಗಿ ನೋಡಿದರು. ನೋಂದಣಿ ಸರಿ. ಎರಡು ಮೆಡಿಕಲ್ ಸರಿ. ನನ್ನ ಹೆಸರು ಅಡುಗೆಯವರ ಪಟ್ಟಿಯಲ್ಲಿಲ್ಲ, ಯಾಕೆಂದು ಪಟ್ಟಿ ಕಟ್ಟಿದ ಬೆರಳೇ ಹೇಳುತ್ತಿತ್ತು. ನಾನೂ ಬಾಯಿಬಿಟ್ಟು ಹೇಳಿದೆ. ಭಟ್ಟರ ತರಬೇತಿಯ ಸರ್ಟಿಫಿಕೇಟಿಗೆ ಬಂದಾಗ ಅವರ ಪೆನ್ನು ನಿಂತಿತು.

"ಇದು ಶಿಬಿರದ ಮಧ್ಯದಲ್ಲೇ ಮುಗೀತದೆ."

ಎರಡು ವರ್ಷ ಎಂದು ಈಗ ನನಗೆ ಗೊತ್ತಿತ್ತು. ಎಲ್ಲಿಂದ ಎರಡು ಎಂದು ಎಣಿಸಿರಲಿಲ್ಲ.

"ಅಷ್ಟರೊಳಗೆ ಹೊಸತು ಮಾಡಿಸ್ತೇವೆ ಮೇಡಂ."

"ಆಮೇಲೆ ಅನ್ನೋದು ಬೇಡ. ಊಟ ಸುರುವಾಗೋ ದಿನದ ಮೊದಲು ತೋರಿಸಿ. ಅಡುಗೆಯವರದ್ದೇ ಆಗಬೇಕಂತಿಲ್ಲ. ನಿಮ್ಮ ಕಡೆ ಮೇಲ್ವಿಚಾರಣೆಗೆ ಒಬ್ಬರು ತರಬೇತಿ ಆದವರು ಇರ್ಬೇಕು, ಅಷ್ಟೇ. ಇಲ್ಲಾಂದ್ರೆ ಸಿದ್ಧ ಇರೋ ಇನ್ನೊಬ್ಬರಿದಾರೆ."

ಹೋಟೆಲಿಗೆ ಬಂದು, ಸರ್ಟಿಫಿಕೇಟು ಮುಗಿಯುವುದು, ಇನ್ನೊಬ್ಬರು ಸಿದ್ಧ ಇರುವುದು, ಎರಡೂ ಸುದ್ದಿ ಹೇಳಿದೆ. ಅಕ್ಕ ತೊಳೆದಿಟ್ಟ ಲೋಟಗಳನ್ನು ಮತ್ತೆ ನೀರಿಗೆ ಹಾಕಿದಳು.

ವಿಚಾರಿಸಿದರೆ ಹತ್ತಿರದಲ್ಲಿ ಸಿಗುವ ತರಬೇತಿ ಯಲ್ಲಾಪುರದಲ್ಲಿತ್ತು, ಗುರುವಾರ. ಭಟ್ಟರ ಸೂತಕ ಬುಧವಾರ ಕಳೆದರೂ ಗುರುವಾರ ದೊಡ್ಡಪ್ಪನ ಮನೆಯಲ್ಲಿ ಊಟದ ಕಾರ್ಯ, ಅಡುಗೆಗೆ ಅವರೇ ಮುಂದೆ. ಉಳಿದವಳು, ಅಡುಗೆಮನೆಗೆ ಕಾಲಿಡಬಾರದ, ಮಾಡಲು ಬೇರೆ ಕೆಲಸವಿಲ್ಲದ, ಪಟ್ಟಿ ಕಟ್ಟಿದ ನಾನು. ತರಬೇತಿಗೆ ಕೂರಲು ಬೆರಳು ಅಡ್ಡಿಯಿಲ್ಲ ಎಂದು ಫೋನಿನಲ್ಲಿ ಮೂರು ಬೇರೆ ಬೇರೆ ರೀತಿಯಲ್ಲಿ ಕೇಳಿ ಖಚಿತ ಮಾಡಿಕೊಂಡೆ.

ಯಲ್ಲಾಪುರದ ತರಬೇತಿಯ ಹಾಲ್‌ನಲ್ಲಿ ಹೆದ್ದಾರಿಯ ಊಟದ ಹೋಟೆಲಿನವರು, ಬೇಕರಿಯವರು, ಹಾಸ್ಟೆಲಿನ ಅಡುಗೆಯವರು ತುಂಬಿದ್ದರು. ಪಾಠ ಮಾಡಲು ಬಂದದ್ದು ಒಬ್ಬ ಯುವಕ, ಮಗನ ವಯಸ್ಸಿನವನು. ಹಸಿ ತರಕಾರಿಗೊಂದು ಹಲಗೆ, ಬೆಂದದ್ದಕ್ಕೆ ಇನ್ನೊಂದು; ಬಿಸಿಯದು ಬಿಸಿಯಾಗಿರಬೇಕು, ತಣ್ಣಗಿನದು ತಣ್ಣಗಿರಬೇಕು, ಬೆಚ್ಚಗೆ ಬಿಟ್ಟರೆ ಕೆಡುತ್ತದೆ; ಕೈ ತೊಳೆಯುವುದೆಂದರೆ ನೀರಿಗೆ ತೋರಿಸುವುದಲ್ಲ. ನಾನು ಎಲ್ಲವನ್ನೂ ಬರೆದುಕೊಂಡೆ, ಎಡಗೈಯಲ್ಲಿ. ಆಮೇಲೆ ನನಗೇ ಓದಲಾಗಲಿಲ್ಲ.

"ಅಡುಗೆಮನೆಯಿಂದ ಯಾರನ್ನ ದೂರ ಇಡ್ಬೇಕು?" ಎಂದು ಕೇಳಿದ.

ಎಲ್ಲರ ಕಣ್ಣೂ ನನ್ನ ಬೆರಳಿನ ಮೇಲೆ ಬಿತ್ತು. ಸರಿ, ಎತ್ತಿ ತೋರಿಸಿಬಿಟ್ಟೆ. ಪಕ್ಕದ ಬೇಕರಿಯವ, "ಮೇಡಂ ಪ್ರಾಕ್ಟಿಕಲ್ ಸಹಿತ ಬಂದಿದಾರೆ," ಎಂದ. ಹಾಲೆಲ್ಲ ನಕ್ಕಿತು. ಕೊನೆಗೆ ಪರೀಕ್ಷೆ ಇತ್ತು, ಸರಿಯುತ್ತರಕ್ಕೆ ಗುರುತು ಹಾಕುವುದು. ಎಲ್ಲ ಮುಗಿಸಿ, ಮತ್ತೆ ಮೊದಲಿನಿಂದ ನೋಡಿ, ಸರಿಯಾದ ಒಂದನ್ನು ಹೊಡೆದು ತಪ್ಪು ಮಾಡಿ, ಗಾಬರಿಯಾಗಿ ಮತ್ತೆ ಸರಿ ಮಾಡಿ ಕೊಟ್ಟೆ. ಪಾಸಾದೆ. ಸರ್ಟಿಫಿಕೇಟು ಕೆಲವು ದಿನ ಬಿಟ್ಟು ಮೊಬೈಲಿಗೆ ಬಂತು. ಬಂದ ಗಳಿಗೆಯಲ್ಲೇ ಭೈರುಂಬೆಗೆ ಕಳಿಸಿದೆ. ಹೋಯಿತೋ ಇಲ್ಲವೋ ಎಂದು ಇನ್ನೊಮ್ಮೆ ಕಳಿಸಿದೆ. ಮೇಡಂ, "ಒಂದೇ ಸಾಕು," ಎಂದು ಬರೆದರು. ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡೆ.

ಮೊದಲ ದಿನದ ಅಡುಗೆಗೆ ಭಟ್ಟರು ಹೊಸ ಟೊಪ್ಪಿ ಹಾಕಿಕೊಂಡು ನಿಂತರು. ನಾನು ಹೊಸ್ತಿಲಾಚೆ. ಬೆರಳು ವಾಸಿಯಾಗಿತ್ತು, ಆದರೆ ಡಾಕ್ಟರು ಇನ್ನೆರಡು ದಿನ ಬಿಟ್ಟು ನೋಡುತ್ತೇನೆ ಎಂದಿದ್ದರು. ಕಾಗದದ ಪ್ರಕಾರ ನಾನೇ ಈಗ ಆ ಅಡುಗೆಮನೆಯ ಮೇಲ್ವಿಚಾರಕಿ, ಒಳಗೆ ಹೋಗುವ ಅಧಿಕಾರವೊಂದಿಲ್ಲದ ಮೇಲ್ವಿಚಾರಕಿ.

"ಭಟ್ರೇ, ಹುಳಿ ಮುಚ್ಚಳ ಸರಿ ಹಾಕಿ. ಬಿಸಿ ಆರ್ತದೆ."

"ಮೇಲ್ವಿಚಾರಕರು ಹೇಳಿದಮೇಲೆ ಮುಗತ್ತು," ಎಂದು ಭಟ್ಟರು ಮುಚ್ಚಳವನ್ನು ಊರಿಗೆಲ್ಲ ಕೇಳುವ ಹಾಗೆ ಕುಕ್ಕಿದರು.

ಪಾತ್ರೆಗಳು ವ್ಯಾನು ಹತ್ತಿದವು. ಬಡಿಸಿ ಬರಲು ಅಕ್ಕನೂ ಹತ್ತಿದಳು. ವ್ಯಾನು ಹೋದ ಮೇಲೆ ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಭೈರುಂಬೆಯಿಂದ ಫೋನು ಬಂತು. ಎತ್ತುವಷ್ಟರಲ್ಲಿ ಆಸ್ಪತ್ರೆ, ಸಲೈನು, ಪೇಪರಿನ ಸುದ್ದಿ ಎಲ್ಲವನ್ನೂ ನೋಡಿ ಮುಗಿಸಿದ್ದೆ.

"ಹುಳಿ ಸಾಕಾಗ್ಲಿಲ್ಲ," ಎಂದರು ಮೇಡಂ. "ನಾಳೆ ಜಾಸ್ತಿ ಕಳಿಸಿ." ಇಟ್ಟೇಬಿಟ್ಟರು.

ಸಂಜೆ ಅಕ್ಕ ಖಾಲಿ ಪಾತ್ರೆಗಳ ಜೊತೆ ಇಳಿದಳು. ದಾಸನಕೊಪ್ಪದ ಬಸ್ಸಿಗೆ ಹೊತ್ತಾಗಿತ್ತು, ಚೀಲ ಹೆಗಲಿಗೆ ಹಾಕಿಕೊಂಡೇ ಬಾಗಿಲಲ್ಲಿ ನಿಂತಳು.

"ಹಂಗಾರ ಅಮ್ಮಾರ, ನಾಳೆ ನಾ ಬರ್ಬೇಕೇನ್ರಿ?"

ಇಷ್ಟು ವಾರಗಳಿಂದ ಅವಳು ಕೇಳದೆ, ನಾನು ಹೇಳದೆ ಉಳಿದಿದ್ದ ಪ್ರಶ್ನೆ ಅದೊಂದೇ.

"ಮೊದಲಿನ ಬಸ್ಸಿಗೇ ಬಾ ಮಾರಾಯ್ತಿ," ಎಂದೆ. "ನಾಳೆ ತರಕಾರಿ ಜಾಸ್ತಿ ಹೆಚ್ಚೋದಿದೆ."

ಅಕ್ಕ ತಲೆಯಾಡಿಸಿ, ಬಸ್‌ಸ್ಟ್ಯಾಂಡಿನ ಕಡೆ ಓಡಿದಳು.